ಫೋನ್ ರೀಸೆಟ್ ಆಗಿದೆ, ಆದ್ರೂ ಅಣ್ಣನ ಜಿಮೇಲ್ ಕೇಳ್ತಿದೆ. ಅಮ್ಮನಿಗೆ ಕೊಡೋದು ಹೇಗೆ?

ಕುಂದಾಪುರ_ಹುಡುಗ:
ಎಲ್ಲರಿಗೂ ನಮಸ್ಕಾರ. ಅಣ್ಣ ಮಸ್ಕತ್‌ನಲ್ಲಿದ್ದಾನೆ. ಕಳೆದ ತಿಂಗಳು ಊರಿಗೆ ಬಂದಾಗ ಹೊಸ ಫೋನ್ ತಗೊಂಡು, ಹಳೆಯದನ್ನು ಅಮ್ಮನಿಗೆ ಅಂತ ಬಿಟ್ಟು ಹೋದ. ಮೋಟೊ ಫೋನು, ಆಂಡ್ರಾಯ್ಡ್ 12. ಹೊರಡುವ ಗಡಿಬಿಡಿಯಲ್ಲಿ ಸೆಟ್ಟಿಂಗ್ಸ್‌ಗೆ ಹೋಗಲಿಲ್ಲ. ಬಟನ್ ಒತ್ತಿ ಹಿಡಿದು ರಿಕವರಿ ಮೆನುವಿನಿಂದ `Wipe data/factory reset` ಕೊಟ್ಟು ವಿಮಾನ ಹತ್ತಿದ. ಈಗ ಆನ್ ಮಾಡಿದರೆ ಭಾಷೆ, ವೈಫೈ ಎಲ್ಲ ಆಗಿ, ಅಲ್ಲಿಂದ ಮುಂದೆ ಹೋಗುವುದಿಲ್ಲ. ಫೋನಿನ ಹಳೆ ಪಿನ್ ಕೇಳುತ್ತದೆ. ಇಲ್ಲದಿದ್ದರೆ ಮೊದಲು ಇದ್ದ ಗೂಗಲ್ ಅಕೌಂಟ್ ಕೊಡಿ ಅನ್ನುತ್ತದೆ.

ಅಣ್ಣ ಹೇಳಿದ ಪಿನ್ ಹೊಂದಲಿಲ್ಲ. ಬೆರಳಚ್ಚಿನಲ್ಲೇ ತೆಗೆಯುತ್ತಿದ್ದವನಿಗೆ ಅದು ಸರಿಯಾಗಿ ನೆನಪಿಲ್ಲ. ಜಿಮೇಲ್ ಪಾಸ್‌ವರ್ಡ್ ಕೂಡ ಮರೆತಿದ್ದ, ಇವತ್ತು ಬೆಳಿಗ್ಗೆ ಹೊಸದು ಮಾಡಿ ನನಗೆ ಹೇಳಿದ. ಸರಿಯಾಗಿಯೇ ಹಾಕಿದೆ, ಆದರೂ ಫೋನ್ ಒಪ್ಪುತ್ತಿಲ್ಲ. ಇಲ್ಲಿನ ಅಂಗಡಿಯವರು 800 ರೂಪಾಯಿ ಕೊಡಿ, ಲಾಕ್ ಹಾರಿಸಿ ಕೊಡುತ್ತೇವೆ ಅಂತಾರೆ. ಕೊಡಬಹುದಾ?

ಸೇಬುಪ್ರಿಯೆ:
ದುಡ್ಡು ಕೊಡಬೇಡಿ, ಇದು ಎರಡು ನಿಮಿಷದ ಕೆಲಸ. ನಿಮ್ಮ ಅಣ್ಣ ಅಲ್ಲಿಂದಲೇ ಬ್ರೌಸರ್‌ನಲ್ಲಿ ಅಕೌಂಟ್ ತೆರೆದು, ಡಿವೈಸ್‌ಗಳ ಪಟ್ಟಿಯಿಂದ ಈ ಫೋನ್ ತೆಗೆದುಹಾಕಲಿ. ಆಮೇಲೆ ಫೋನ್ ಆಫ್ ಮಾಡಿ ಆನ್ ಮಾಡಿ, ಲಾಕ್ ಹೋಗಿರುತ್ತೆ. ನನ್ನ ತಂಗಿಗೆ ಕೊಟ್ಟ ಫೋನ್ ಹೀಗೇ ನಿಂತಿತ್ತು. ನಾನು ಆಫೀಸಿನಲ್ಲಿ ಕೂತೇ ಬಿಡಿಸಿಕೊಟ್ಟೆ.

ಕುಂದಾಪುರ_ಹುಡುಗ:
ಅದನ್ನು ನಿನ್ನೆಯೇ ಮಾಡಿದ್ದಾನೆ ಮೇಡಂ. ಪಟ್ಟಿಯಲ್ಲಿ ಆ ಫೋನೇ ಇಲ್ಲ ಈಗ. ಇಲ್ಲಿ ಮಾತ್ರ ಅದೇ ಪರದೆ.

ಬೆಸುಗೆಕಡ್ಡಿ:
ಸೇಬುಪ್ರಿಯೆಯವರು ಹೇಳಿದ್ದು ಐಫೋನಿಗೆ ಸರಿ. ಅದರ ಬೀಗ ಆಪಲ್‌ನ ಸರ್ವರ್‌ನಲ್ಲಿರುತ್ತದೆ. ಹಾಗಾಗಿ ಐಕ್ಲೌಡ್‌ನಲ್ಲಿ ಅಕೌಂಟಿನಿಂದ ಫೋನ್ ತೆಗೆದರೆ, ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಬಿಡಿಸಬಹುದು. ಆಂಡ್ರಾಯ್ಡ್‌ನಲ್ಲಿ ಹಾಗಲ್ಲ. ಈ ಫೋನ್ ಯಾವ ಅಕೌಂಟಿನದು ಅನ್ನುವ ಗುರುತು ಫೋನಿನ ಒಳಗೇ, ರೀಸೆಟ್‌ಗೆ ಅಳಿಯದ ಒಂದು ಸಣ್ಣ ಜಾಗದಲ್ಲಿ ಕೂತಿರುತ್ತದೆ. ವೆಬ್‌ಸೈಟಿನಲ್ಲಿ ಪಟ್ಟಿಯಿಂದ ತೆಗೆದರೆ ಆ ಗುರುತಿಗೆ ಏನೂ ಆಗುವುದಿಲ್ಲ.

ಇದು 2015ರಲ್ಲಿ ಆಂಡ್ರಾಯ್ಡ್ 5.1ರ ಜೊತೆ ಬಂದದ್ದು. ಅಂಗಡಿಗಳಲ್ಲಿ ಎಫ್‌ಆರ್‌ಪಿ ಲಾಕ್ ಅಂತಾರಲ್ಲ, ಅದೇ. ಕದ್ದವನು ಬಟನ್ ಒತ್ತಿ ಎಲ್ಲ ಅಳಿಸಿದರೂ ಫೋನ್ ಅವನಿಗೆ ದಕ್ಕಬಾರದು ಅನ್ನೋದು ಉದ್ದೇಶ. ಪಿನ್ ಹಾಕಿ ಸೆಟ್ಟಿಂಗ್ಸ್ ಒಳಗಿನಿಂದ ರೀಸೆಟ್ ಮಾಡಿದರೆ, ಒಡೆಯನೇ ಮಾಡಿದ್ದಾನೆ ಅಂತ ಫೋನ್ ನಂಬಿ ಗುರುತು ಅಳಿಸುತ್ತದೆ. ರಿಕವರಿಯಿಂದ ಮಾಡಿದರೆ ನಂಬುವುದಿಲ್ಲ. ನಿಮ್ಮ ಅಣ್ಣ ಫೋನಿನ ಕಣ್ಣಿಗೆ ಕಳ್ಳ ಆಗಿದ್ದಾರೆ, ಅಷ್ಟೇ.

ಈಗ ಪಾಸ್‌ವರ್ಡ್ ಯಾಕೆ ಒಪ್ಪುತ್ತಿಲ್ಲ ಅಂದರೆ, ಅದನ್ನು ಇವತ್ತೇ ಬದಲಾಯಿಸಿದ್ದೀರಿ. ಹೊಸ ಪಾಸ್‌ವರ್ಡ್‌ಗೆ 24 ಗಂಟೆ ಆಗುವವರೆಗೆ ಈ ಪರದೆ ಒಪ್ಪುವುದಿಲ್ಲ. ಮಧ್ಯೆ ಮತ್ತೆ ಬದಲಾಯಿಸಿದರೆ ಲೆಕ್ಕ ಮತ್ತೆ ಮೊದಲಿಂದ. ಫೋನ್ ಮುಚ್ಚಿಟ್ಟು ನಾಳೆ ಸಂಜೆ ಹಾಕಿ. ಎರಡು ಹಂತದ ಪರಿಶೀಲನೆ ಇದ್ದರೆ ಅಣ್ಣನ ಹೊಸ ಫೋನಿಗೆ ಒಂದು ಪ್ರಶ್ನೆ ಹೋಗುತ್ತದೆ. ಇಲ್ಲಿ ಕಾಣುವ ಸಂಖ್ಯೆಯನ್ನೇ ಅವರು ಅಲ್ಲಿ ಒತ್ತಬೇಕು. ಆದ್ದರಿಂದ ಇಬ್ಬರೂ ಕರೆಯಲ್ಲಿದ್ದಾಗಲೇ ಮಾಡಿ.

ಅಂಗಡಿಯವರ ವಿಷಯ. ಅವರು ಯಾವುದೋ ಸಂದಿ ಹುಡುಕಿ ಸೆಟಪ್ ದಾಟಿಸುತ್ತಾರೆ. ಕೆಲವು ಫೋನಿನಲ್ಲಿ ಆಗುತ್ತದೆ, ಕೆಲವದರಲ್ಲಿ ಮುಂದಿನ ರೀಸೆಟ್‌ಗೆ ಬೀಗ ಮತ್ತೆ ಎದ್ದು ಕೂರುತ್ತದೆ. ಒಡೆಯ ಒಂದು ಕರೆಯ ದೂರದಲ್ಲಿರುವಾಗ ಅದು ಯಾಕೆ?

ಹಳೇಮೈಸೂರು_ಮೇಷ್ಟ್ರು:
ಇದೇ ವಿಷಯವಾದ್ದರಿಂದ ಇಲ್ಲೇ ಕೇಳುತ್ತೇನೆ, ಬೇಸರ ಮಾಡಬೇಡಿ. ನನ್ನ ಹಳೆ ಫೋನನ್ನು ಮುಂದಿನ ವಾರ ಮಾರುತ್ತಿದ್ದೇನೆ. ಅದೂ ಆಂಡ್ರಾಯ್ಡ್ 12. ನನ್ನ ಯೋಜನೆ ಹೀಗಿದೆ. ಮೊದಲು ಫೋಟೋ, ನಂಬರ್, ಮೆಸೇಜ್ ಎಲ್ಲ ಒಂದೊಂದಾಗಿ ಅಳಿಸುವುದು. ನಂತರ ರೀಸೆಟ್. ನಂತರ ಫ್ಯಾನಿನ ಮುಂದೆ ಫೋನಿಟ್ಟು ಮೆಮೊರಿ ತುಂಬುವ ತನಕ ವಿಡಿಯೋ ರೆಕಾರ್ಡ್ ಮಾಡುವುದು. ಮತ್ತೆ ರೀಸೆಟ್. ಹೀಗೆ ಮಾಡಿದರೆ ಹಳೆಯದನ್ನು ಯಾರೂ ಹೊರಗೆ ತೆಗೆಯಲಾರರು ಎಂದು ಓದಿದ್ದೆ.

ಬೆಸುಗೆಕಡ್ಡಿ:
ಮೇಷ್ಟ್ರೇ, ಮೊದಲನೇ ಹೆಜ್ಜೆಯೇ ಅಪಾಯ. ಅಕೌಂಟ್ ಇನ್ನೂ ಒಳಗಿರುವಾಗ ಗೂಗಲ್ ಫೋಟೋಸ್‌ನಲ್ಲಿ ಚಿತ್ರ ಅಳಿಸಿದರೆ, ಅದು ಕ್ಲೌಡ್‌ನಲ್ಲೂ ಅಳಿಯುತ್ತದೆ, ಹೊಸ ಫೋನಿನಲ್ಲೂ ಮಾಯ. ನಂಬರ್‌ಗಳದ್ದೂ ಅದೇ ಕಥೆ. ಒಂದೊಂದಾಗಿ ಏನನ್ನೂ ಅಳಿಸಬೇಡಿ.

ಫ್ಯಾನಿನ ವಿಡಿಯೋ ಹಳೆ ಕಾಲದ ಉಪಾಯ. ಆಗ ಫೋನ್ ಒಳಗೆ ಎಲ್ಲ ತೆರೆದೇ ಇರುತ್ತಿತ್ತು. ಈಗಿನ ಫೋನಿನಲ್ಲಿ ಎಲ್ಲವೂ ಗೂಢಲಿಪಿಯಲ್ಲೇ ಬರೆದಿರುತ್ತದೆ. ರೀಸೆಟ್ ಮಾಡಿದಾಗ ಅದನ್ನು ಓದುವ ಕೀಲಿಯೇ ನಾಶವಾಗುತ್ತದೆ. ಆಂಡ್ರಾಯ್ಡ್ 10 ಅಥವಾ ಅದರ ಮೇಲಿನದ್ದರಲ್ಲೇ ಮಾರುಕಟ್ಟೆಗೆ ಬಂದ ಫೋನಾದರೆ ಇದು ಕಡ್ಡಾಯ. ಬಂದಾಗ ಯಾವ ಆವೃತ್ತಿ ಇತ್ತು ಅನ್ನೋದು ಮುಖ್ಯ, ಆಮೇಲೆ ಅಪ್‌ಡೇಟ್ ಆದದ್ದಲ್ಲ. ಅನುಮಾನ ಇದ್ದರೆ ಸೆಟ್ಟಿಂಗ್ಸ್‌ನ ಸೆಕ್ಯೂರಿಟಿ ಭಾಗದಲ್ಲಿ `Encryption` ಅಂತ ಹುಡುಕಿ ನೋಡಿ. `Encrypted` ಅಂತಿದ್ದರೆ ಒಂದು ರೀಸೆಟ್ ಸಾಕು.

ಮೆಮೊರಿ ಕಾರ್ಡ್ ಇದೆಯಾ?

ಹಳೇಮೈಸೂರು_ಮೇಷ್ಟ್ರು:
ಇದೆ, 64 ಜಿಬಿ. ರೀಸೆಟ್‌ನಲ್ಲಿ ಅದೂ ಅಳಿಯುತ್ತದಲ್ಲವೇ?

ಬೆಸುಗೆಕಡ್ಡಿ:
ಇಲ್ಲ. ರೀಸೆಟ್ ಕಾರ್ಡನ್ನು ಮುಟ್ಟುವುದೇ ಇಲ್ಲ. ಫೋನಿನಿಂದ ಕಾರ್ಡಿಗೆ ಹಾಕಿದ ಫೋಟೋಗಳಿಗೆ ಸಾಮಾನ್ಯವಾಗಿ ಗೂಢಲಿಪಿಯೂ ಇರುವುದಿಲ್ಲ. ಅಳಿಸಿದ ಮೇಲೂ ಉಚಿತ ಸಾಫ್ಟ್‌ವೇರ್ ಹಾಕಿ ಎತ್ತಬಹುದು. ನಿಮ್ಮ ಫ್ಯಾನಿನ ವಿಡಿಯೋ ಉಪಾಯ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಫೋನಿಗಲ್ಲ, ಕಾರ್ಡಿಗೆ. ಆದರೆ ಸುಮ್ನೆ ಕಾರ್ಡ್ ತೆಗೆದು ಮನೆಯಲ್ಲಿಟ್ಟುಕೊಳ್ಳಿ. 64 ಜಿಬಿ ಕಾರ್ಡಿಗೆ ಮಾರುವಾಗ ಯಾರೂ ಜಾಸ್ತಿ ಕೊಡುವುದಿಲ್ಲ.

ಸೇಬುಪ್ರಿಯೆ:
ಬ್ಯಾಕಪ್ ಬಗ್ಗೆ ಯಾರೂ ಹೇಳಲಿಲ್ಲ. ಗೂಗಲ್ ಬ್ಯಾಕಪ್ ಆನ್ ಇದ್ದರೆ ಎಲ್ಲವೂ ಹೋಗಿರುತ್ತೆ ಅಲ್ವಾ? ಮೇಷ್ಟ್ರಿಗೆ ಬೇರೆ ಏನೂ ಮಾಡಬೇಕಿಲ್ಲ.

ಬೆಸುಗೆಕಡ್ಡಿ:
ಎಲ್ಲವೂ ಹೋಗಿರುವುದಿಲ್ಲ, ಜನ ಬೀಳುವುದೇ ಅಲ್ಲಿ. ಫೋಟೋಸ್ ಆ್ಯಪ್ ತಾನಾಗಿ ಕಳಿಸುವುದು ಕ್ಯಾಮೆರಾದಲ್ಲಿ ತೆಗೆದದ್ದನ್ನು. ವಾಟ್ಸ್ಆ್ಯಪ್‌ನಲ್ಲಿ ಬಂದ ಮದುವೆ ಫೋಟೋ ಬೇಕಿದ್ದರೆ, ಆ ಫೋಲ್ಡರನ್ನು ನೀವೇ ಆನ್ ಮಾಡಿರಬೇಕು. ವಾಟ್ಸ್ಆ್ಯಪ್‌ನ ಚಾಟ್ ಬ್ಯಾಕಪ್ ಬೇರೆಯೇ. ಅದರ ಪರದೆಯಲ್ಲಿ ಕೊನೆಯ ಬ್ಯಾಕಪ್‌ನ ದಿನ, ಯಾವ ಜಿಮೇಲ್‌ಗೆ ಹೋಗುತ್ತಿದೆ ಅನ್ನೋದು ಇರುತ್ತದೆ, ಕಣ್ಣಿಂದಲೇ ನೋಡಿ. ಅದು ಹೋಗುವುದು ಗೂಗಲ್‌ನ ಅದೇ ಉಚಿತ 15 ಜಿಬಿಗೆ. ಜಾಗ ತುಂಬಿದ್ದರೆ ಬ್ಯಾಕಪ್ ತಿಂಗಳ ಹಿಂದೆಯೇ ನಿಂತಿರಬಹುದು. ವಿಡಿಯೋಗೆ ಪ್ರತ್ಯೇಕ ಗುಂಡಿ ಇದೆ, ಅದನ್ನು ಆನ್ ಮಾಡದಿದ್ದರೆ ವಿಡಿಯೋ ಸೇರುವುದಿಲ್ಲ.

ನಾನಂತೂ ಯುಎಸ್‌ಬಿ ಕೇಬಲ್ ಹಾಕಿ ಎರಡು ಫೋಲ್ಡರ್ ಕಂಪ್ಯೂಟರ್‌ಗೆ ಎಳೆದುಕೊಳ್ಳುತ್ತೇನೆ.

```
DCIM
Android/media/com.whatsapp/WhatsApp/Media
```

ಎರಡನೆಯದರಲ್ಲಿ ಧ್ವನಿ ಸಂದೇಶಗಳೂ ಇರುತ್ತವೆ. ಕರೆ ರೆಕಾರ್ಡಿಂಗ್ ಇದ್ದರೆ ಅದರ ಫೋಲ್ಡರ್ ಹುಡುಕಿ ಅದನ್ನೂ ತಗೊಳ್ಳಿ, ಅದು ಯಾವ ಬ್ಯಾಕಪ್‌ಗೂ ತಾನಾಗಿ ಸೇರುವುದಿಲ್ಲ. ಇನ್ನೊಂದು, ನಂಬರ್‌ಗಳು. ಸೇವ್ ಮಾಡುವಾಗ ಗೂಗಲ್ ಬದಲು `Device` ಅಂತ ಆರಿಸಿದ್ದರೆ ಅವು ಆ ಫೋನಿನಲ್ಲೇ ಉಳಿದಿರಬಹುದು. ಹೊಸ ಫೋನ್ ತೆರೆದು, ಹಾಲಿನವರ ನಂಬರ್, ಗ್ಯಾಸಿನವರ ನಂಬರ್, ಇಂಥ ಹಳೆಯವು ಬಂದಿವೆಯಾ ನೋಡಿ.

ಇದೆಲ್ಲ ಆದ ಮೇಲೂ ತಕ್ಷಣ ಅಳಿಸಬೇಡಿ ಮೇಷ್ಟ್ರೇ. ಸಿಮ್ ಹೊಸದಕ್ಕೆ ಹಾಕಿ, ಬ್ಯಾಂಕ್, ಯುಪಿಐ ಎಲ್ಲ ಅಲ್ಲಿ ನಡೆಯುವಂತೆ ಮಾಡಿ. ಓಟಿಪಿ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಇದ್ದರೆ ಅದರಲ್ಲೇ ವರ್ಗಾವಣೆ ಆಯ್ಕೆ ಇದೆ, ಹಳೆ ಫೋನ್ ಜೀವಂತ ಇರುವಾಗಲೇ ಮುಗಿಸಿ. ಒಂದು ವಾರ ಹಳೆಯದನ್ನು ಕಪಾಟಿನಲ್ಲಿಡಿ. ಏನಾದರೂ ಬಿಟ್ಟುಹೋಗಿದ್ದರೆ ಆ ವಾರದಲ್ಲಿ ಗೊತ್ತಾಗುತ್ತದೆ.

ಆಮೇಲೆ ಸಿಮ್, ಕಾರ್ಡ್ ಹೊರಗೆ ತೆಗೆದು, ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಅಕೌಂಟ್ ತೆಗೆಯಿರಿ. ಎರಡು ಜಿಮೇಲ್ ಇದ್ದರೆ ಎರಡನ್ನೂ. ಸ್ಯಾಮ್ಸಂಗ್ ಆದರೆ ಸ್ಯಾಮ್ಸಂಗ್ ಅಕೌಂಟ್, ರೆಡ್ಮಿ ಆದರೆ ಮಿ ಅಕೌಂಟ್ ಕೂಡ. ಅವಕ್ಕೆ ಅವುಗಳದೇ ಬೀಗ ಇದೆ. ಇದಾದ ಮೇಲೆ ಸೆಟ್ಟಿಂಗ್ಸ್ ಒಳಗಿನಿಂದಲೇ ರೀಸೆಟ್.

ಹಳೇಮೈಸೂರು_ಮೇಷ್ಟ್ರು:
ಬೀಗ ನಿಜವಾಗಿಯೂ ಬಿಟ್ಟಿದೆ ಎಂದು ಕೊಳ್ಳುವವರ ಕೈಗೆ ಕೊಡುವ ಮೊದಲೇ ತಿಳಿಯುವುದು ಹೇಗೆ?

ಬೆಸುಗೆಕಡ್ಡಿ:
ಒಳ್ಳೆ ಪ್ರಶ್ನೆ. ರೀಸೆಟ್ ಮುಗಿದು ಸ್ವಾಗತದ ಪರದೆ ಬಂದಾಗ ಮುಂದೆ ಹೋಗಿ. ವೈಫೈ ಕೇಳುವಲ್ಲಿ `Set up offline` ಅಥವಾ `Skip` ಇದ್ದು, ಅಕೌಂಟ್ ಹಾಕದೆ ಹೋಂ ಸ್ಕ್ರೀನ್‌ವರೆಗೆ ತಲುಪಿದರೆ ಬಿಟ್ಟಿದೆ ಅಂತ. ಬೀಗ ಉಳಿದಿದ್ದರೆ ಇಂಟರ್ನೆಟ್ ಇಲ್ಲದೆ ಮುಂದೆ ಬಿಡುವುದಿಲ್ಲ. ನೋಡಿದ ಮೇಲೆ ಆಫ್ ಮಾಡಿಡಿ, ನಿಮ್ಮ ಜಿಮೇಲ್ ಮಾತ್ರ ಮತ್ತೆ ಹಾಕಬೇಡಿ.

ಕುಂದಾಪುರ_ಹುಡುಗ:
ಆಯ್ತು ಸರ್! ಸಂಜೆ ಅಣ್ಣನಿಗೆ ವಿಡಿಯೋ ಕಾಲ್ ಮಾಡಿ, ಅದೇ ಪಾಸ್‌ವರ್ಡ್ ಹಾಕಿದೆ. ಪರದೆಯಲ್ಲಿ ಬಂದ ಸಂಖ್ಯೆ ಅವನು ಒತ್ತಿದ, ಫೋನ್ ತೆರೆಯಿತು. ಈಗ ಅಮ್ಮನ ಜಿಮೇಲ್ ಸೇರಿಸಿ ಕೊಟ್ಟರಾಯ್ತಾ?

ಬೆಸುಗೆಕಡ್ಡಿ:
ತಡೀರಿ. ಬೀಗ ತೆಗೆಯಲು ಹಾಕಿದ ಅಣ್ಣನ ಅಕೌಂಟ್ ಈಗ ಫೋನಿನೊಳಗೆ ಸೇರಿಕೊಂಡಿರಬಹುದು. ಹಾಗೇ ಕೊಟ್ಟರೆ ಅಣ್ಣನ ಮೇಲ್, ಫೋಟೋ ಎಲ್ಲ ಅಮ್ಮನ ಫೋನಿಗೆ ಇಳಿಯುತ್ತವೆ, ಮುಂದೊಂದು ದಿನ ಇದೇ ಬೀಗ ಮತ್ತೆ. ಅಕೌಂಟ್‌ಗಳ ಪಟ್ಟಿಯಲ್ಲಿ ಅದಿದ್ದರೆ ತೆಗೆದು, ಸಿಸ್ಟಮ್ ಕೆಳಗಿನ `Reset options` ಒಳಗಿಂದ ಇನ್ನೊಮ್ಮೆ ಪೂರ್ತಿ ಅಳಿಸಿ. ಆಮೇಲೆ ಅಮ್ಮನದ್ದು ಹಾಕಿ, ಅಮ್ಮನ ಪಿನ್ ಒಂದು ಕಡೆ ಬರೆದಿಡಿ. ಅಣ್ಣ ಪಾಸ್‌ವರ್ಡನ್ನು ಈಗ ಬದಲಾಯಿಸಲಿ. ನಿಮಗೆ ಹೇಳಿದ್ದು ವಾಟ್ಸ್ಆ್ಯಪ್‌ನಲ್ಲೇ ಅಲ್ವಾ?

ಕುಂದಾಪುರ_ಹುಡುಗ:
ಹೌದು ಸರ್, ವಾಟ್ಸ್ಆ್ಯಪ್‌ನಲ್ಲೇ. ಬದಲಾಯಿಸಲು ಹೇಳುತ್ತೇನೆ. ಇನ್ನೊಂದು ಮಾತು. ಅಪ್ಪನ ಜೊತೆ ಮಾತಾಡಿದ ಕೆಲವು ರೆಕಾರ್ಡಿಂಗ್ ಆ ಫೋನಿನಲ್ಲಿತ್ತಂತೆ. ಅಪ್ಪ ಈಗಿಲ್ಲ. ಅಂಗಡಿಯಲ್ಲಿ ವಾಪಸ್ ತೆಗೆಸಬಹುದಾ ಅಂತ ಅಣ್ಣ ಕೇಳುತ್ತಿದ್ದಾನೆ.

ಬೆಸುಗೆಕಡ್ಡಿ:
ಫೋನಿನಿಂದ ಬರುವುದಿಲ್ಲ. ಕೀಲಿ ಹೋದ ಮೇಲೆ ಯಾವ ಸಾಫ್ಟ್‌ವೇರೂ ಓದಲಾರದು, ತೆಗೆದುಕೊಡುತ್ತೇವೆ ಅನ್ನುವವರಿಗೆ ಮುಂಗಡ ಕೊಡಬೇಡಿ. ಆದರೆ ಅಣ್ಣ ಅದನ್ನು ಯಾರಿಗಾದರೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದರೆ ಅವರ ಫೋನಿನಲ್ಲಿರಬಹುದು. ಅಮ್ಮನ ಹಳೆ ಫೋನ್, ನಿಮ್ಮದು, ಅಕ್ಕಂದಿರು ಇದ್ದರೆ ಅವರದ್ದು, ಎಲ್ಲ ಒಮ್ಮೆ ಹುಡುಕಿ. ಅಣ್ಣನ ಗೂಗಲ್ ಡ್ರೈವ್ ಕೂಡ ನೋಡಿ.

ಶಿರಾ_ಗೇಟ್:
ನನ್ನದೂ ಇದೇ ಸಮಸ್ಯೆ. ಸೆಕೆಂಡ್ ಹ್ಯಾಂಡ್ ತಗೊಂಡೆ, ರೀಸೆಟ್ ಆಗಿತ್ತು, ಚೆನ್ನಾಗಿ ನಡೀತಿತ್ತು. ನಿನ್ನೆಯಿಂದ ಪರದೆ ತುಂಬ ಕಂತು ಕಟ್ಟಿಲ್ಲ ಅಂತ ಬರುತ್ತಿದೆ, ಏನೂ ಒತ್ತಲು ಬಿಡುತ್ತಿಲ್ಲ. ಮಾರಿದವನ ಜಿಮೇಲ್ ಸಿಕ್ಕರೆ ಸಾಕಾ?

ಬೆಸುಗೆಕಡ್ಡಿ:
ಇದು ಬೇರೆ ಬೀಗ. ಸಾಲದಲ್ಲಿ ತಗೊಂಡ ಫೋನಿಗೆ ಸಾಲ ಕೊಟ್ಟವರು ಹಾಕುವುದು, ಜಿಮೇಲ್‌ಗೂ ಇದಕ್ಕೂ ಸಂಬಂಧ ಇಲ್ಲ. ಮಾರಿದವರು ಸಾಲ ತೀರಿಸಿದ ಪತ್ರ ಕೊಟ್ಟಿದ್ದಾರಾ? ಬಿಲ್ ಯಾರ ಹೆಸರಲ್ಲಿದೆ?

ಶಿರಾ_ಗೇಟ್:
ಬಿಲ್ ಇಲ್ಲ. ಸಂತೆಯಲ್ಲಿ ತಗೊಂಡಿದ್ದು.