ಓಟಿ ‘ಮಿತಿ’ 36 ಗಂಟೆ: ಅಲ್ಲಿಂದ ಶುರುವೋ, ಅಲ್ಲಿಗೆ ಮುಗಿಯಿತೋ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಎರಡು ದಿನದಿಂದ ಕಾಡುತ್ತಿದೆ. ಒಂದು ಕಾರ್ಖಾನೆಯ ಸೂಚನೆಯನ್ನು ಕನ್ನಡಕ್ಕೆ ಮಾಡಿಕೊಟ್ಟಿದ್ದೆ. ಮೊದಲು ವಾರಕ್ಕೆ ಐದು ದಿನ, ದಿನಕ್ಕೆ 8 ಗಂಟೆ ಕೆಲಸ ಇತ್ತು. ಈಗ ನಾಲ್ಕೇ ದಿನ, ದಿನಕ್ಕೆ 9 ಗಂಟೆ. ತಿಂಗಳ ಸಂಬಳ ಮೊದಲಿನಷ್ಟೇ. ಕೊನೆಗೆ ನಾನು ಬರೆದ ಸಾಲು ಇದು: ‘ಗಂಟೆಯ ದರ ಹೆಚ್ಚಾಗಿದೆ. ಓಟಿ ಮಿತಿ ವಾರಕ್ಕೆ 36 ಗಂಟೆ.’

ಬೋರ್ಡಿಗೆ ಅಂಟಿಸಿದ ದಿನವೇ ಇಬ್ಬರು ಆಫೀಸಿಗೆ ಬಂದರಂತೆ. ಒಬ್ಬರು, ‘ವಾರಕ್ಕೆ 36 ಗಂಟೆ ಓಟಿ ಮಾಡಬಹುದಾ? ನಿದ್ದೆ ಯಾವಾಗ?’ ಎಂದು ಕೇಳಿದರು. ಇನ್ನೊಬ್ಬರು, ‘ದರ ಹೆಚ್ಚಾಗಿದೆ ಅಂತೀರಿ, ಸ್ಲಿಪ್ಪಿನಲ್ಲಿ ಸಂಬಳ ಅಷ್ಟೇ ಇದೆಯಲ್ಲ?’ ಎಂದರು. ಓದಿದವರ ತಪ್ಪಲ್ಲ, ನನ್ನ ಸಾಲೇ ಸರಿಯಿಲ್ಲ. ‘ಮಿತಿ’ ಬಿಟ್ಟು ಬೇರೆ ಏನು ಬರೆಯಬಹುದಿತ್ತು?

– ಸು.

*

ಮೇಡಂ, ‘ಹೊಸ್ತಿಲು’ ಅನ್ನಿ. ಓಟಿ ಹೊಸ್ತಿಲು. ಅಚ್ಚಗನ್ನಡ, ದಾಟುವುದಕ್ಕೆ ಇರುವಂಥದ್ದು.

ಇನ್ನು ದರದ ವಿಚಾರ. ಅದು ಹೆಚ್ಚಾಗಿರುವುದು ನಿಜ. ತಿಂಗಳ ಸಂಬಳ 31,200 ಎಂದುಕೊಳ್ಳಿ, ನಾಣ್ಯ ಯಾವುದಾದರೂ ಇರಲಿ. ವಾರಕ್ಕೆ 36 ಗಂಟೆ, ತಿಂಗಳಿಗೆ ನಾಲ್ಕು ವಾರ, ಒಟ್ಟು 144 ಗಂಟೆ. ಭಾಗಿಸಿದರೆ ಗಂಟೆಗೆ ಸುಮಾರು 217. ಸುಲಭ.

– ವೆಂ.

*

ವೆಂ. ಸರ್, ದರ ಏರಿದ್ದು ಹೌದು, ಆದರೆ ನಿಮ್ಮ 217 ತಪ್ಪು. ನಾನು ಇಪ್ಪತ್ತು ವರ್ಷ ಸಂಬಳದ ಲೆಕ್ಕವನ್ನೇ ಬರೆದವನು. ಎಲ್ಲರೂ ಎಡವುವ ಜಾಗ ಇದೇ.

ತಿಂಗಳಿಗೆ ನಾಲ್ಕು ವಾರ ಎಂದರೆ ವರ್ಷಕ್ಕೆ 48 ವಾರ ಆಯಿತು. ಉಳಿದ ನಾಲ್ಕು ವಾರ ಎಲ್ಲಿ ಹೋದವು? ಅದಕ್ಕೇ ನಾವು ವರ್ಷದ ಲೆಕ್ಕ ಹಿಡಿಯುತ್ತೇವೆ. ವಾರಕ್ಕೆ 36ರಂತೆ 52 ವಾರಕ್ಕೆ 1,872 ಗಂಟೆ. ಅದನ್ನು 12 ತಿಂಗಳಿಗೆ ಹಂಚಿದರೆ ತಿಂಗಳಿಗೆ 156. 31,200ನ್ನು 156ರಿಂದ ಭಾಗಿಸಿದರೆ ಗಂಟೆಗೆ 200. ಹಳೇ 40 ಗಂಟೆಯ ವಾರಕ್ಕೆ ಇದೇ ಲೆಕ್ಕ ಹಾಕಿ, 180 ಬರುತ್ತದೆ.

ಅಂದರೆ ದರ 180ರಿಂದ 200ಕ್ಕೆ ಬಂತು, ಕೈಗೆ ಬರುವ ಸಂಬಳ ಮಾತ್ರ ಅಲ್ಲೇ ನಿಂತಿತು. ಆ ಕಾರ್ಮಿಕರು ಕೇಳಿದ್ದು ಸರಿಯಾಗೇ ಇದೆ. ‘ದರ ಹೆಚ್ಚಾಗಿದೆ’ ಅಂದರೆ ಕನ್ನಡದಲ್ಲಿ ಯಾರೋ ಹೆಚ್ಚಿಸಿದ ಹಾಗೆ ಕೇಳುತ್ತದೆ. ಇಲ್ಲಿ ಯಾರೂ ಹೆಚ್ಚಿಸಿಲ್ಲ, ಗಂಟೆ ಕಡಿಮೆಯಾಗಿದ್ದರಿಂದ ತಾನಾಗೇ ಏರಿತು. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ತಿಂಗಳ ಸಂಬಳ ಅದೇ. ಓಟಿ ಲೆಕ್ಕಕ್ಕೆ ಹಿಡಿಯುವ ಗಂಟೆಯ ದರ ಇನ್ನು ಮುಂದೆ 200.’

ಹೊಸ್ತಿಲು ಕೇಳೋಕೆ ಚೆಂದ. ಆದರೆ ಸಂಬಳದ ಕಾಗದದಲ್ಲಿ ನೋಡಿದವರು ನಗುತ್ತಾರೆ.

– ಶ್ರೀ.

*

ನಮ್ಮಲ್ಲೂ ನಾಲ್ಕು ದಿನ ಮಾಡಿದರು, ದರ ಒಂದು ಪೈಸೆಯೂ ಏರಲಿಲ್ಲ. ದಿನಕ್ಕೆ 10 ಗಂಟೆ, ನಾಲ್ಕು ದಿನ. ಸಂಜೆ ಆಗುವಷ್ಟರಲ್ಲಿ ಕಾಲು ನಮ್ಮದಲ್ಲ. ಹಾಗಾದರೆ ನಮಗೆ ಮೋಸ ಆಯಿತಾ ಅಣ್ಣ? ಮತ್ತೆ, ರಜೆಗೆ ಕನ್ನಡದಲ್ಲಿ ಏನಂತೀರಿ? ಒಂದು ದಿನ ರಜೆ ಹಾಕಿದರೆ ಒಂದೂಕಾಲು ದಿನ ಕಳೆಯುತ್ತಾರೆ.

– ಮ.

*

ತಮ್ಮಾ, ದರದ ಲೆಕ್ಕದಲ್ಲಿ ಮೋಸ ಇಲ್ಲ. 10 ನಾಲ್ಕಲಿ 40. ಮೊದಲೂ 40, ಈಗಲೂ 40. ಗಂಟೆ ಕಮ್ಮಿ ಆಗದೆ ದರ ಏರಲ್ಲ. ನಿಮ್ಮದು ಇದ್ದ ಗಂಟೆಗಳನ್ನೆಲ್ಲ ನಾಲ್ಕು ದಿನಕ್ಕೆ ತುರುಕಿದ ವಾರ. ಸು. ಅವರದ್ದು ತುರುಕಿದ್ದೂ ಹೌದು, ನಾಲ್ಕು ಗಂಟೆ ಇಳಿಸಿದ್ದೂ ಹೌದು. ಎರಡಕ್ಕೂ ‘ನಾಲ್ಕು ದಿನದ ವಾರ’ ಅಂತಲೇ ಅನ್ನುವುದರಿಂದ ಈ ಗೊಂದಲ. ರಜೆಯಲ್ಲೂ ಅದೇ: ಹಳೇ ದಿನ 8 ಗಂಟೆ, ಹೊಸ ದಿನ 10, ಅದಕ್ಕೇ ಒಂದೂಕಾಲು. ರಜೆಯ ಪುಸ್ತಕವನ್ನು ದಿನದ ಬದಲು ಗಂಟೆಯಲ್ಲಿ ಇಟ್ಟಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ದಿನಕ್ಕೆ 10 ಎಂಬುದು ಮಾತ್ರ ಬೇರೆ ಮಾತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲಿ ಮಾಡಿದ ಮೊದಲನೇ ಒಪ್ಪಂದವೇ ಕೆಲಸದ ಗಂಟೆಗಳ ಬಗ್ಗೆ. ದಿನಕ್ಕೆ 8, ವಾರಕ್ಕೆ 48. ವಾರದ ಕೆಲವು ದಿನ 8ಕ್ಕಿಂತ ಕಮ್ಮಿ ಇದ್ದರೆ ಉಳಿದ ದಿನಗಳನ್ನು ಉದ್ದ ಮಾಡಬಹುದು, ಆದರೆ ಒಂದೇ ಒಂದು ಗಂಟೆ. ಆ ಸಾಮಾನ್ಯ ನಿಯಮದಲ್ಲಿ 9 ಹಿಡಿಯುತ್ತದೆ, 10 ಹಿಡಿಯುವುದಿಲ್ಲ. ಅದನ್ನು ಒಪ್ಪಿದ ದೇಶಗಳೂ ಇವೆ, ಒಪ್ಪದವೂ ಇವೆ.

– ಶ್ರೀ.

*

ಮೂಲ ಪ್ರಶ್ನೆಗೆ ಬರೋಣ. ‘ಮಿತಿ’ ಯಾಕೆ ಕೈಕೊಟ್ಟಿತು ನೋಡಿ. ವೇಗದ ಮಿತಿ, ಸಾಲದ ಮಿತಿ, ವಯೋಮಿತಿ. ಎಲ್ಲದರಲ್ಲೂ ‘ಇದಕ್ಕಿಂತ ಮೇಲೆ ಹೋಗಬೇಡ’ ಎಂಬ ಅರ್ಥ ಕೂತಿದೆ. ನಮಗೆ ಬೇಕಾದ್ದು ‘ಇದರ ಮೇಲೆ ಹೋದರೆ ಇನ್ನೊಂದು ಶುರು’ ಎನ್ನುವ ಪದ. ಅದಕ್ಕೆ ‘ಗಡಿ’ ಇದೆಯಲ್ಲ? ‘ಬೆಲೆ ನೂರರ ಗಡಿ ದಾಟಿತು’ ಅಂತ ಪತ್ರಿಕೆಯವರು ದಿನಾ ಬರೆಯುತ್ತಾರೆ. ಗಡಿ ಅಂದ ಕೂಡಲೇ ‘ದಾಟು’ ತಾನೇ ಹಿಂದೆ ಬರುತ್ತದೆ.

– ಲ.

*

ಲ. ಅಕ್ಕ, ‘ಗಡಿ’ ನನಗೂ ಹಿಡಿಸಿತು. ಆದರೆ ಒಂದೇ ಗಡಿ ಸಾಲದು. ದಿನದ ಗಡಿ ಒಂದು, ವಾರದ ಗಡಿ ಇನ್ನೊಂದು.

ಮೊದಲು ದಿನಕ್ಕೆ 8 ದಾಟಿದರೆ ಓಟಿ ಇತ್ತು ಎಂದುಕೊಳ್ಳಿ. ಅದನ್ನು ಹಾಗೇ ಬಿಟ್ಟು 9 ಗಂಟೆ ದುಡಿಸಿದರೆ, ಯಾರೂ ಜಾಸ್ತಿ ನಿಲ್ಲದ ಮಾಮೂಲಿ ವಾರದಲ್ಲೂ ನಾಲ್ಕು ಗಂಟೆ ಓಟಿ ಬೀಳುತ್ತದೆ. ಹಾಗಾಗಿ ದಿನದ ಗಡಿಯನ್ನು 9ಕ್ಕೆ ಸರಿಸುತ್ತಾರೆ. ಅದು ಕಾರ್ಮಿಕರು ಬಿಟ್ಟುಕೊಟ್ಟದ್ದು. ಬದಲಿಗೆ ವಾರದ ಗಡಿ 40ರಿಂದ 36ಕ್ಕೆ ಇಳಿಯಬೇಕು. ಇದನ್ನು ಇಳಿಸಿದರೋ ಇಲ್ಲವೋ ಅಂತಲೇ ನೋಡಬೇಕು.

ಒಂದು ವಾರ ತೆಗೆದುಕೊಳ್ಳಿ. ಸೋಮವಾರ 9, ಮಂಗಳವಾರ 11, ಬುಧ, ಗುರು 9, 9. ಶುಕ್ರವಾರ ಕರೆ ಬಂದು 3. ಒಟ್ಟು 41. ಓಟಿಗೆ ಒಂದೂವರೆ ಪಟ್ಟು ಅಂದರೆ ಗಂಟೆಗೆ 300. ವಾರದ ಗಡಿ 36 ಆದರೆ ಮಂಗಳವಾರದ 2, ಶುಕ್ರವಾರದ 3, ಒಟ್ಟು 5 ಗಂಟೆ ಓಟಿ: 1,500. ವಾರದ ಗಡಿ 40ರಲ್ಲೇ ಉಳಿದು, ದಿನದ ಗಡಿ ಇಲ್ಲದಿದ್ದರೆ 1 ಗಂಟೆ ಮಾತ್ರ ಓಟಿ. ಉಳಿದ ನಾಲ್ಕಕ್ಕೆ ಮಾಮೂಲಿ ದರ 200 ಕೊಟ್ಟರೂ ಒಟ್ಟು 1,100. ‘ಸಂಬಳದಲ್ಲೇ ಬಂತು’ ಅಂದುಬಿಟ್ಟರೆ ಬರೀ 300.

ಒಂದೇ ವಾರ, ಒಂದೇ ದುಡಿಮೆ, ಮೂರು ಮೊತ್ತ. ಸು. ಅವರೇ, ಮೂಲದಲ್ಲಿ ದಿನದ ಗಡಿ ಬರೆದಿದೆಯಾ ನೋಡಿ. ನಿಮ್ಮ ಸಾಲಿನಲ್ಲಂತೂ ಇಲ್ಲ.

– ಶ್ರೀ.

*

ಹಾಗಾದರೆ ಆ 37ರಿಂದ 40ರವರೆಗಿನ ಗಂಟೆಗಳಿಗೆ ಹೆಸರು ಬೇಕಲ್ಲ? ಓಟಿಯೂ ಅಲ್ಲ, ಮಾಮೂಲಿಯೂ ಅಲ್ಲ. ‘ಹೆಚ್ಚುವರಿ ಗಂಟೆ’ ಅನ್ನೋಣವೇ?

– ವೆಂ.

*

ಬೇಡ ಸರ್. ‘ಹೆಚ್ಚುವರಿ’ ಅಂದರೆ ಜನ ಓಟಿ ಅಂತಲೇ ಓದುತ್ತಾರೆ. ‘ನಡುಗಂಟೆ’ ಅನ್ನೋಣ ಅಂದುಕೊಂಡೆ, ಅದೂ ದೇವಸ್ಥಾನದ ಗಂಟೆ ಥರ ಕೇಳಿಸಿತು.

– ಲ.

*

ಮೂಲ ತೆಗೆದು ನೋಡಿದೆ. ದಿನದ ಗಡಿ 9 ಅಂತ ಅಲ್ಲಿತ್ತು, ನಾನೇ ಬಿಟ್ಟಿದ್ದೆ. ಹೆಸರುಪದದ ಹಟ ಬಿಟ್ಟು ತಿದ್ದಿದ್ದೇನೆ: ‘ತಿಂಗಳ ಸಂಬಳ ಬದಲಾಗಿಲ್ಲ. ಓಟಿ ಲೆಕ್ಕಕ್ಕೆ ಗಂಟೆಯ ದರ 200. ಒಂದು ದಿನದಲ್ಲಿ 9 ಗಂಟೆ ದಾಟಿದ ಮೇಲೆ, ಅಥವಾ ಒಂದು ವಾರದಲ್ಲಿ 36 ಗಂಟೆ ದಾಟಿದ ಮೇಲೆ, ಮಾಡಿದ ಕೆಲಸ ಓಟಿ. ಒಂದೇ ಗಂಟೆಯನ್ನು ಎರಡು ಸಲ ಎಣಿಸುವುದಿಲ್ಲ.’

ಕೊನೆಯ ವಾಕ್ಯ ಶ್ರೀ. ಸರ್ ಫೋನಿನಲ್ಲಿ ಹೇಳಿ ಸೇರಿಸಿದ್ದು. ಇಲ್ಲದಿದ್ದರೆ ಮಂಗಳವಾರದ ಎರಡು ಗಂಟೆ ದಿನದ ಲೆಕ್ಕದಲ್ಲೂ ಬಂದು, ವಾರದ ಲೆಕ್ಕದಲ್ಲೂ ಬಂದು 5 ಗಂಟೆ 7 ಆಗುತ್ತಿತ್ತು. ‘ಗಡಿ’ ಪದವನ್ನು ಪತ್ರದ ತಲೆಬರಹದಲ್ಲಿ ಮಾತ್ರ ಉಳಿಸಿಕೊಂಡಿದ್ದೇನೆ. 36ಕ್ಕೂ 40ಕ್ಕೂ ನಡುವಿನ ಗಂಟೆ ನಮ್ಮ ಪತ್ರದಲ್ಲಿ ಬರುವುದಿಲ್ಲ. ಆದರೂ ಯಾರಿಗಾದರೂ ಒಳ್ಳೆ ಹೆಸರು ಹೊಳೆದರೆ ಬರೆಯಿರಿ.

– ಸು.