ಬೋಟ್ ಮಧ್ಯೆ ಬಾಯಿ ಹಾಕುತ್ತಿದೆ: ಫೋನ್ ಚಾಟ್‌ಬೋಟ್ ಕಟ್ಟಿದವರ ಅನುಭವ ಬೇಕು

ಪ್ರಶ್ನೆ: ಕರೆ ಮಾಡಿದವರು ಎಂಟು ಅಂಕಿಯ ಬುಕಿಂಗ್ ಸಂಖ್ಯೆ ಹೇಳಿದರೆ ಸ್ಥಿತಿ ತಿಳಿಸುವ ಬೋಟ್ ಇದು. ಅವರು ‘ನಾಲ್ಕು ಏಳು ಎರಡು’ ಎಂದು ಹೇಳಿ ಚೀಟಿ ನೋಡುವಷ್ಟರಲ್ಲಿ ‘ಸಂಖ್ಯೆ ಸರಿಯಿಲ್ಲ’ ಎಂದುಬಿಡುತ್ತದೆ. ಅಂಕಿಗಳನ್ನು ತಪ್ಪಾಗಿ ಕೇಳಿಸಿಕೊಳ್ಳುವುದೂ ಇದೆ. ಎಷ್ಟು ಹೊತ್ತು ಸುಮ್ಮನಿದ್ದರೆ ಮಾತು ಮುಗಿಯಿತೆಂದು ಬೋಟ್ ತಿಳಿಯಬೇಕು ಎಂಬ ಮೌನದ ಮಿತಿಯನ್ನು 700 ಮಿಲಿಸೆಕೆಂಡ್ ಇಟ್ಟಿದ್ದೇನೆ. ನೀವೆಲ್ಲ ಏನು ಮಾಡಿದಿರಿ?

ಅವಸರವಿಲ್ಲ: ಮಿತಿಯನ್ನು ಎರಡು ಸೆಕೆಂಡಿಗೆ ಏರಿಸಿ, ಮುಗಿಯಿತು. ನಮ್ಮಲ್ಲಿ ಅಂದಿನಿಂದ ಸಂಖ್ಯೆ ತುಂಡಾಗಿ ಬಂದದ್ದೇ ಇಲ್ಲ.

ಹಳೆಯ ತಂತಿ: ಸಂಖ್ಯೆಯ ಮಟ್ಟಿಗೆ ನಿಮ್ಮ ಮಾತು ಸರಿ, ಆದರೆ ಅದೇ ಮಿತಿ ‘ಹೌದು’, ‘ಬೇಡ’ಗಳಿಗೂ ಅನ್ವಯವಾಗುತ್ತದಲ್ಲ? ಎರಡು ಸೆಕೆಂಡ್ ಮೌನ, ಅದರ ಮೇಲೆ ಉತ್ತರ ಸಿದ್ಧವಾಗುವ ಸಮಯ. ಅಷ್ಟರಲ್ಲಿ ಜನ ‘ಹಲೋ? ಇದ್ದೀರಾ?’ ಎನ್ನುತ್ತಾರೆ. ಬೋಟ್ ಆ ‘ಹಲೋ’ವನ್ನೇ ಹೊಸ ಉತ್ತರವೆಂದು ತೆಗೆದುಕೊಳ್ಳುತ್ತದೆ, ಅಲ್ಲಿಂದ ಇಬ್ಬರ ಮಾತೂ ಒಂದರ ಮೇಲೊಂದು ಬೀಳುತ್ತದೆ. ಮನುಷ್ಯರ ನಡುವೆ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ಅಂತರ ಸಾಮಾನ್ಯವಾಗಿ ಸುಮಾರು 200 ಮಿಲಿಸೆಕೆಂಡ್. ಹಾಗಾಗಿ ಫೋನಿನಲ್ಲಿ ಎರಡು ಸೆಕೆಂಡ್ ಎಂದರೆ ಲೈನ್ ಕಡಿದಂತೆಯೇ ಕೇಳಿಸುತ್ತದೆ.

ಮಿತಿ ಪ್ರಶ್ನೆಗೆ ತಕ್ಕಂತೆ ಬದಲಾಗಬೇಕು. ಸಂಖ್ಯೆ ಕೇಳಿದಾಗ, ಈವರೆಗೆ ಎಷ್ಟು ಅಂಕಿ ಬಂದಿದೆ ಎಂಬುದನ್ನೂ ನೋಡಬೇಕು. ನನ್ನದರಲ್ಲಿ ತಿರುಳು ಇಷ್ಟೇ:

```
if slot == "booking_no" and len(digits) < 8:
    wait_ms = 2000
else:
    wait_ms = 500
```

ಮಾತು ಇನ್ನೂ ನಡೆಯುತ್ತಿರುವಾಗಲೇ ಬರುವ ತಾತ್ಕಾಲಿಕ ಪಠ್ಯದಿಂದ ಅಂಕಿ ಎಣಿಸುತ್ತೇನೆ. ನಿಮ್ಮ ಉದಾಹರಣೆಯಲ್ಲಿ 472 ಬಂದಾಗ ಐದು ಬಾಕಿ, ಆದ್ದರಿಂದ ಕಾಯುತ್ತದೆ. 90 ಬಂತು, ಮತ್ತೆ ಕಾಯುತ್ತದೆ. 153 ಸೇರಿ ಎಂಟಾದ ಮೇಲೆ ಅರ್ಧ ಸೆಕೆಂಡಿನಲ್ಲೇ ಮುಂದೆ ಹೋಗುತ್ತದೆ. ಎರಡು ಸೆಕೆಂಡ್ ಮೀರಿದರೂ ‘ಸರಿಯಿಲ್ಲ’ ಎನ್ನಬೇಡಿ. ‘472 ಆಯಿತು, ಮುಂದೆ ಹೇಳಿ’ ಎಂದರೆ ಸಾಕು. ಬಂದ ಅಂಕಿಗಳನ್ನು ಎಸೆದು ಮೊದಲಿನಿಂದ ಹೇಳಿಸುವುದು ಕರೆ ಮಾಡಿದವರಿಗೆ ಕೊಡುವ ಶಿಕ್ಷೆ. ಇನ್ನೊಂದು: ಜನ ‘ನಲವತ್ತೇಳು’, ‘ಡಬಲ್ ಎರಡು’ ಎಂದೂ ಹೇಳುತ್ತಾರೆ. ಎಣಿಸುವ ಮೊದಲು ಅವನ್ನು ಬಿಡಿ ಅಂಕಿಗಳಾಗಿ ಒಡೆಯದಿದ್ದರೆ ಲೆಕ್ಕವೇ ತಪ್ಪುತ್ತದೆ.

ಓದುಗಂಟಲು: ವಿರಾಮದ ಸಮಸ್ಯೆ ನಮಗೂ ಇತ್ತು. ಬೋಟ್ ಉಸಿರು ಬಿಡದೆ ಓದುತ್ತಿತ್ತು. ಪಠ್ಯದಲ್ಲಿ `<break time="300ms"/>` ಸೇರಿಸಿದ ಮೇಲೆ ಕೇಳಲು ಹಿತವಾಯಿತು.

ಹಳೆಯ ತಂತಿ: ಅವರು ಕೇಳಿದ್ದು ಕರೆ ಮಾಡಿದವರ ವಿರಾಮದ ಬಗ್ಗೆ. ಆದರೂ ನಿಮ್ಮ ಸಲಹೆ ಸಂಖ್ಯೆಯನ್ನು ತಿರುಗಿ ಓದಿ ಖಚಿತಪಡಿಸಿಕೊಳ್ಳುವಾಗ ಕೆಲಸಕ್ಕೆ ಬರುತ್ತದೆ. 472, 90, 153 ಎಂದು ಅವರು ಹೇಳಿದ ಗುಂಪುಗಳಲ್ಲೇ, ನಡುವೆ ಬಿಡುವು ಕೊಟ್ಟು ಓದಿಸಿದರೆ ತಪ್ಪು ಎಲ್ಲಿದೆ ಎಂದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ‘ಕೊನೆಯದು 158’ ಎಂದರೆ ಆ ಗುಂಪನ್ನು ಮಾತ್ರ ಬದಲಿಸಿ.

ಲಾಗ್ ಓದುವವಳು: ತಪ್ಪು ಕೇಳಿಸಿಕೊಳ್ಳುವ ವಿಷಯಕ್ಕೆ ಬರುತ್ತೇನೆ. ಸಾಮಾನ್ಯ ಫೋನ್ ಕರೆಯ ಧ್ವನಿ ಸೆಕೆಂಡಿಗೆ 8,000 ಮಾದರಿಗಳದ್ದು, ಸುಮಾರು 3,400 ಹರ್ಟ್ಸ್‌ಗಿಂತ ಮೇಲಿನದು ಕತ್ತರಿಸಿಹೋಗಿರುತ್ತದೆ. ಮೊದಲು ಮಾತನ್ನು ಪಠ್ಯವಾಗಿಸುವ ನಿಮ್ಮ ಮಾದರಿ ಫೋನ್ ಧ್ವನಿಗೆ ತಯಾರಾದದ್ದೇ ಎಂದು ನೋಡಿ. ಲ್ಯಾಪ್‌ಟಾಪ್ ಮೈಕಿನಲ್ಲಿ ಪರೀಕ್ಷಿಸಿ ಚೆನ್ನಾಗಿದೆ ಎಂದುಕೊಳ್ಳುವುದಕ್ಕೆ ಅರ್ಥವಿಲ್ಲ.

ಮಾದರಿ ಕೊಡುವ ವಿಶ್ವಾಸಾಂಕವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ತಪ್ಪು ಅಂಕಿಗೂ 0.9 ಕೊಟ್ಟದ್ದನ್ನು ನೋಡಿದ್ದೇನೆ. ಅದರ ಬದಲು ಪರ್ಯಾಯ ಪಠ್ಯಗಳನ್ನೂ ಪಡೆದು, ಯಾವ ಸಂಖ್ಯೆ ನಿಜವಾಗಿ ದಾಖಲೆಯಲ್ಲಿದೆ ಎಂದು ಹುಡುಕಿ. ಒಂದೇ ಹೊಂದಿದರೂ ಅದರ ವಿವರವನ್ನು ಕೂಡಲೇ ಓದಬೇಡಿ, ಅದು ಬೇರೆಯವರ ಬುಕಿಂಗ್ ಆಗಿರಬಹುದು. ದಿನಾಂಕವನ್ನೋ ಹೆಸರನ್ನೋ ಅವರ ಬಾಯಿಂದಲೇ ಹೇಳಿಸಿ. ಎರಡು ಸಲ ತಪ್ಪಿದರೆ ಕೀಲಿಮಣೆಯಲ್ಲಿ ಒತ್ತಲು ಹೇಳಿ. ಒತ್ತಿದ ಅಂಕಿಗೆ ಧ್ವನಿ ಗುರುತಿಸುವ ಗೋಜೇ ಇಲ್ಲ.

ಅವಸರವಿಲ್ಲ: ಮೊದಲೇ ಕೀಲಿಮಣೆ ಕೊಟ್ಟರೆ ಇಷ್ಟೆಲ್ಲ ಏಕೆ?

ಲಾಗ್ ಓದುವವಳು: ಫೋನನ್ನು ಕಿವಿಗಿಟ್ಟುಕೊಂಡು ಒಂದು ಕೈಯಲ್ಲಿ ಚೀಟಿ ಹಿಡಿದವರಿಗೆ ಒತ್ತುವುದೂ ಸುಲಭವಲ್ಲ. ಎರಡೂ ದಾರಿ ತೆರೆದಿಡಿ ಎನ್ನುತ್ತೇನೆ. ಇದರಲ್ಲಿ ನಮ್ಮ ತಂಡದಲ್ಲೇ ಒಮ್ಮತವಿಲ್ಲ.

ಪ್ರಶ್ನೆ ಕೇಳಿದವರು: ಎಣಿಕೆಗೆ ತಕ್ಕ ಮಿತಿ ಹಾಕಿದೆ, ಸಂಖ್ಯೆ ತುಂಡಾಗುವುದು ಬಹುತೇಕ ನಿಂತಿದೆ. ಈಗ ಹೊಸ ತಲೆನೋವು. ಬೋಟ್ ತಿರುಗಿ ಓದುವಾಗ ಜನ ‘ಹೂಂ, ಹೂಂ’ ಎನ್ನುತ್ತಾರೆ, ಅದು ಓದುವುದನ್ನೇ ನಿಲ್ಲಿಸಿಬಿಡುತ್ತದೆ.

ಹಳೆಯ ತಂತಿ: ಶಬ್ದ ಕೇಳಿದ ಕೂಡಲೇ ನಿಲ್ಲಿಸುತ್ತಿದ್ದೀರಿ. ದನಿ ತಗ್ಗಿಸಿ, ಪಠ್ಯ ಬರುವವರೆಗೆ ತಾಳಿ. ‘ಹೂಂ’, ‘ಸರಿ’ ಮಾತ್ರ ಇದ್ದರೆ ಓದು ಮುಂದುವರಿಯಲಿ. ‘ಅಲ್ಲ’ ಅಥವಾ ಅಂಕಿ ಬಂದರೆ ನಿಲ್ಲಲಿ. ನಿಲ್ಲಿಸಿದಾಗ ಅವರಿಗೆ ಎಲ್ಲಿಯವರೆಗೆ ಕೇಳಿಸಿತು ಎಂಬುದನ್ನು ದಾಖಲಿಸಿಕೊಳ್ಳಿ. ಇಲ್ಲದಿದ್ದರೆ ‘ಅಲ್ಲ’ ಎಂದದ್ದು ಯಾವ ಗುಂಪಿಗೆ ಎಂದು ಬೋಟ್‌ಗೆ ತಿಳಿಯದು. ಸ್ಪೀಕರ್‌ನಲ್ಲಿಟ್ಟು ಮಾತನಾಡುವವರ ಕರೆಯಲ್ಲಿ ಬೋಟಿನ ದನಿಯೇ ಮರಳಿ ಬಂದು ಅಂಕಿಗಳಂತೆ ಕೇಳಿಸುತ್ತದೆ. ಪ್ರತಿಧ್ವನಿ ತಡೆ ಹಾಕಿದರೂ ನನ್ನಲ್ಲಿ ಅದು ಪೂರ್ತಿ ಹೋಗಿಲ್ಲ. ಯಾರಾದರೂ ಬಗೆಹರಿಸಿದ್ದರೆ ನನಗೂ ಹೇಳಿ.