ಸಹಾಯ ಬೇಕು: ಕೆಲಸ ಶುರುವಾಗೋದು 3 ತಿಂಗಳು ತಡ, ಸಿಎಆರ್ ಪಾಲಿಸಿ ಏನು ಮಾಡೋದು?

ನಮ್ಮ ಕಟ್ಟಡದ ಕೆಲಸಕ್ಕೆ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ಸ್, ಅಂದರೆ ಸಿಎಆರ್ ವಿಮೆ ಪಾಲಿಸಿ ಇದೆ. ಅವಧಿ 18 ತಿಂಗಳು, ಏಪ್ರಿಲ್ 1ರಿಂದ ಮುಂದಿನ ವರ್ಷದ ಸೆಪ್ಟೆಂಬರ್ 30ರವರೆಗೆ. ಈಗ ಗುತ್ತಿಗೆದಾರರು ಪತ್ರ ಕೊಟ್ಟಿದ್ದಾರೆ: ಪೈಲಿಂಗ್ ಯಂತ್ರ ಬಂದಿಲ್ಲ, ಕೆಲಸ ಶುರುವಾಗೋದು ಜುಲೈ 1ಕ್ಕೆ. ಅಂದರೆ ಮುಗಿಯೋದು ಡಿಸೆಂಬರ್‌ಗೆ. ಪಾಲಿಸಿ ಮಾತ್ರ ಸೆಪ್ಟೆಂಬರ್‌ಗೇ ಮುಗಿಯುತ್ತೆ. ಕಟ್ಟಡ ಪೂರ್ತಿ ಎದ್ದು ನಿಂತು, ನಷ್ಟವಾದರೆ ಜಾಸ್ತಿ ಆಗೋ ಕೊನೆಯ 3 ತಿಂಗಳಿಗೇ ರಕ್ಷಣೆ ಇರಲ್ಲ!

ಪತ್ರ ಬಂದಿರೋದು ಮಾಲೀಕರಿಗೆ ಮಾತ್ರ, ವಿಮೆ ಕಂಪನಿಗೆ ಇನ್ನೂ ತಿಳಿಸಿಲ್ಲ. ಸುಮ್ನೆ ಕೂತರೆ ಅವಧಿ ತಾನಾಗೇ ಮುಂದೆ ಹೋಗಲ್ಲ, ಅಷ್ಟು ಗೊತ್ತು. ಪಾಲಿಸಿಯಲ್ಲಿ ಬದಲಾವಣೆ ಬರೆಸೋ ಎಂಡಾರ್ಸ್‌ಮೆಂಟ್ ಬೇಕು.

ನನ್ನ ಗೊಂದಲ ಇಲ್ಲಿದೆ. ಸೈಟ್‌ನಲ್ಲಿ ಏನೂ ಇಲ್ಲದಿದ್ದರೆ ಇಡೀ ಅವಧಿಯನ್ನೇ ಮುಂದೆ ಸರಿಸಿ ಅಂತ ಕೇಳಬಹುದಿತ್ತು. ಆದರೆ ಏಪ್ರಿಲ್ 10ಕ್ಕೇ ಎರಡು ಲಾರಿ ಕಬ್ಬಿಣ ಇಳಿಸಿ, ಟಾರ್ಪಾಲ್ ಹೊದಿಸಿ ಇಟ್ಟಿದ್ದೇವೆ. ನಮ್ಮ ಪಾಲಿಸಿಯಲ್ಲಿ ಸಾಮಾನು ಸೈಟ್‌ನಲ್ಲಿ ಇಳಿದಾಗಲೇ ರಕ್ಷಣೆ ಶುರು. ಹಾಗಾದರೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ 3 ತಿಂಗಳ ವಿಸ್ತರಣೆ ತಗೋಬೇಕು, ಅಲ್ವಾ?

ಅಡಿಪಾಯ ತೋಡೋದು ಈಗ ಮಳೆಗಾಲಕ್ಕೆ ಬಿತ್ತು. ಕೆಲಸದ ಹೊಸ ವೇಳಾಪಟ್ಟಿಯ ಬಾರ್ ಚಾರ್ಟ್ ನೋಡಿ ವಿಮೆ ಕಂಪನಿಯವರು ಪ್ರವಾಹದ ಎಕ್ಸೆಸ್, ಅಂದರೆ ನಷ್ಟದಲ್ಲಿ ನಾವೇ ಹೊರಬೇಕಾದ ಪಾಲು, ಏರಿಸುತ್ತಾರಾ? ಇಂಥದ್ದನ್ನು ಮಾಡಿಸಿದವರು ಹೇಳಿ. ವಿಸ್ತರಣೆಯನ್ನು ಈಗಲೇ ಕೇಳೋದಾ, ಅವಧಿ ಮುಗಿಯೋ ಹೊತ್ತಿಗಾ?